ಗಡ್ಡೆಯ ಬೆಳವಣಿಗೆ ಲೆಕ್ಕ ಹಾಕೋದು ಹೇಗೆ: ಮೂರು ಅಳತೆ, ಎರಡು ಗೆರೆ, ಒಂದು ಲಾಗ್

ನಮ್ಮ ಅಕ್ಕನ ಮಗಳು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಕಳೆದ ತಿಂಗಳು ಒಂದು ಶನಿವಾರ ಬಸ್ಸು ಹತ್ತಿ ಹಾಸನಕ್ಕೆ ನಮ್ಮ ಮನೆಗೆ ಬಂದಳು. ಬ್ಯಾಗಿನಲ್ಲಿ ಒಂದು ಅಭ್ಯಾಸದ ಹಾಳೆ. ಇಲಿಯ ಮೈಯಲ್ಲಿ ಬೆಳೆಯುವ ಗಡ್ಡೆಯೊಂದರ ಗಾತ್ರ, ದಿನಕ್ಕೆ ತಕ್ಕಂತೆ. ಲೆಕ್ಕ ಕಲಿಸಲೆಂದು ಮಾಡಿದ ಅಂಕಿಗಳು, ನಿಜವಾದ ಪ್ರಯೋಗದ್ದಲ್ಲ. ಮೊದಲ ದಿನ, ಅಂದರೆ ಸೊನ್ನೆ ದಿನ, 20 ಘನ ಮಿಲಿಮೀಟರ್. ಹತ್ತನೇ ದಿನ 370. ಇಪ್ಪತ್ತನೇ ದಿನ 1070. ಅವಳು ಅದಕ್ಕೆ ಲಾಜಿಸ್ಟಿಕ್ ಗೆರೆ ಎಳೆದಿದ್ದಳು, ಗೆರೆ ಮೂರು ಚುಕ್ಕೆಯ ಮೇಲೂ ಹಾದು ಹೋಗಿತ್ತು, ಗಡ್ಡೆ 1155ಕ್ಕೆ ನಿಂತುಬಿಡುತ್ತದೆ ಅಂತ ಉತ್ತರ ಬರೆದಿದ್ದಳು.

"ಚಿಕ್ಕಮ್ಮ, ಗೆರೆ ಸರಿಯಾಗಿ ಕೂತಿದೆ ಅಲ್ವಾ? ಮತ್ತೆ ಲೆಕ್ಚರರ್ ಯಾಕೆ ಕೆಂಪು ಗೀಟು ಹಾಕಿದ್ದಾರೆ?"

ನಾನು ಗಣಿತ ಕಲಿಸುವವಳು. ಈ ಪ್ರಶ್ನೆ ಕೇಳಿ ನನಗೆ ತುಂಬಾ ಖುಷಿಯಾಯಿತು, ಯಾಕಂದರೆ ಗಡ್ಡೆಯ ಬೆಳವಣಿಗೆಯನ್ನೇ ಬೇರೊಂದು ಗೆರೆಯಲ್ಲಿ ಹೇಳುವ ಗೊಂಪರ್ಟ್ಜ್ ಮಾದರಿಯನ್ನು ಕಲಿಯೋಕೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಆ ಮಧ್ಯಾಹ್ನ ಅವಳ ಜೊತೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಪಿಯುಸಿ ಮಟ್ಟದ ಲಾಗ್ ಮತ್ತು ಅವಕಲನ ಗೊತ್ತಿದ್ದರೆ ಸಾಕು. ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ, ಓದುತ್ತಾ ಓದುತ್ತಾ ನೀವೂ ಒತ್ತಿ ನೋಡಿ.

ಎರಡು ಸಮೀಕರಣ, ವ್ಯತ್ಯಾಸ ಒಂದೇ ಜಾಗದಲ್ಲಿ

ಗಡ್ಡೆಯ ಗಾತ್ರವನ್ನು V ಅನ್ನೋಣ. ಅದು ಕೊನೆಗೆ ಮುಟ್ಟುವ ಮಿತಿ K. ವೇಗವನ್ನು ತೋರಿಸುವ ಸಂಖ್ಯೆ r. ಆಗ ಲಾಜಿಸ್ಟಿಕ್ ಹೇಳೋದು ಇದು:

dV/dt = r V (1 − V/K)

ಗೊಂಪರ್ಟ್ಜ್ ಹೇಳೋದು ಇದು:

dV/dt = r V ln(K/V)

ಎರಡರಲ್ಲೂ ಮುಂದೆ r V ಇದೆ. ಬ್ರೇಕ್ ಮಾತ್ರ ಬೇರೆ. ಲಾಜಿಸ್ಟಿಕ್‌ನಲ್ಲಿ ಗಡ್ಡೆ ಸಣ್ಣದಿರುವಾಗ ಬ್ರೇಕ್ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. V ಅನ್ನೋದು K ಯ ನೂರನೇ ಒಂದು ಭಾಗ ಇದ್ದರೆ ಬ್ರೇಕ್ ಶೇಕಡ 1 ಅಷ್ಟೇ. ಗಾತ್ರ ಅರ್ಧ ದಾರಿ ಸವೆಸಿದ ಮೇಲೆ ಅದು ಗಟ್ಟಿಯಾಗಿ ಹಿಡಿಯುತ್ತದೆ, ಆಮೇಲೆ ಬೇಗ ನಿಲ್ಲಿಸುತ್ತದೆ. ಗೊಂಪರ್ಟ್ಜ್‌ನಲ್ಲಿ ಹಾಗಲ್ಲ. ಗಡ್ಡೆ ಪ್ರತಿ ಸಲ ದುಪ್ಪಟ್ಟಾದಾಗಲೂ ln(K/V) ಒಂದೇ ಅಳತೆಯಷ್ಟು, ಸುಮಾರು 0.69, ಕಡಿಮೆಯಾಗುತ್ತದೆ. 20 ರಿಂದ 40 ಆದಾಗಲೂ ಅಷ್ಟೇ, 500 ರಿಂದ 1000 ಆದಾಗಲೂ ಅಷ್ಟೇ. ಅಂದರೆ ಬ್ರೇಕ್ ಮೊದಲ ದಿನದಿಂದಲೇ ಹಿಡಿಯಲು ಶುರು, ಆದರೆ ಕೊನೆಯವರೆಗೂ ಮೆತ್ತಗೆ ಹಿಡಿಯುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಬೆಂಜಮಿನ್ ಗೊಂಪರ್ಟ್ಜ್ 1825 ರಲ್ಲಿ ಬರೆದದ್ದು ಗಡ್ಡೆಯ ಬಗ್ಗೆ ಅಲ್ಲವೇ ಅಲ್ಲ, ಮನುಷ್ಯರು ವಯಸ್ಸಾದಂತೆ ಸಾಯುವ ಪ್ರಮಾಣ ಹೇಗೆ ಏರುತ್ತದೆ ಅನ್ನುವ ಬಗ್ಗೆ, ಜೀವವಿಮೆಯ ಲೆಕ್ಕಕ್ಕಾಗಿ. ಆ ಗೆರೆ ಬೆಳವಣಿಗೆಗೂ ಹೊಂದುತ್ತದೆ ಅಂತ ಚಾರ್ಲ್ಸ್ ವಿನ್ಸರ್ 1932 ರಲ್ಲಿ ತೋರಿಸಿದರು. ಇಲಿ, ಹೆಗ್ಗಣ, ಮೊಲಗಳ ಗಡ್ಡೆಗಳ ಅಳತೆಗೆ ಅದನ್ನು ಕೂರಿಸಿ ನೋಡಿದವರು ಅನ್ನಾ ಲೈರ್ಡ್, 1964 ರಲ್ಲಿ. ಲಾಜಿಸ್ಟಿಕ್ ಇನ್ನೊಂದು ಕಡೆಯಿಂದ ಬಂದದ್ದು. ಬೆಲ್ಜಿಯಂನ ಫೆರ್ಹುಲ್ಸ್ಟ್ 1838 ರಲ್ಲಿ ಜನಸಂಖ್ಯೆಗಾಗಿ ಬರೆದರು.

ಲಾಗ್ ಹಾಕಿ ಬಿಡಿಸೋದು

ಗೊಂಪರ್ಟ್ಜ್ ಸಮೀಕರಣವನ್ನು ಮೊದಲ ಸಲ ನೋಡಿದವರು ಹೆದರುತ್ತಾರೆ, ಯಾಕಂದರೆ V ಹೊರಗೂ ಇದೆ, ಲಾಗ್ ಒಳಗೂ ಇದೆ. ಚರಗಳನ್ನು ಬೇರ್ಪಡಿಸಿ ಇಂಟಿಗ್ರೇಟ್ ಮಾಡಬಹುದು, ಆಗುತ್ತದೆ, ಆದರೆ ಆ ದಾರಿಯಲ್ಲಿ ಏನು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣೋದಿಲ್ಲ. ಅದಕ್ಕಿಂತ ಒಂದು ಹೊಸ ಅಕ್ಷರ ತಗೊಳ್ಳಿ:

y = ln V

ಈಗ ಎರಡೂ ಕಡೆ ಸಮಯಕ್ಕೆ ಅವಕಲನ ಮಾಡಿ. ln V ಯ ಅವಕಲನ (1/V) dV/dt. ಆ dV/dt ಜಾಗಕ್ಕೆ ಗೊಂಪರ್ಟ್ಜ್ ಸಮೀಕರಣ ಇಟ್ಟರೆ ಹೊರಗಿನ V ಹೊಡೆದು ಹೋಗುತ್ತದೆ, ಉಳಿಯೋದು r ln(K/V). ಲಾಗ್ ಒಳಗಿನ ಭಾಗಾಕಾರ ವ್ಯವಕಲನ ಆಗುತ್ತದೆ, ಹಾಗಾಗಿ:

dy/dt = r (ln K − y)

ಇಲ್ಲಿ ಸ್ವಲ್ಪ ನಿಲ್ಲಿ. ಇದು ನಿಮಗೆ ಗೊತ್ತಿರುವ ಸಮೀಕರಣ. ಫ್ರಿಜ್‌ನಿಂದ ಮಜ್ಜಿಗೆ ತೆಗೆದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟರೆ ಆಗೋದು ಇದೇ. ಮಜ್ಜಿಗೆ 6 ಡಿಗ್ರಿ, ಕೋಣೆ 26 ಡಿಗ್ರಿ ಅಂತಿಟ್ಟುಕೊಳ್ಳಿ, ಅಂತರ 20. ಅರ್ಧ ಗಂಟೆಯಲ್ಲಿ ಅಂತರ 10 ಕ್ಕೆ ಇಳಿದರೆ, ಇನ್ನರ್ಧ ಗಂಟೆಯಲ್ಲಿ 5 ಕ್ಕೆ ಇಳಿಯುತ್ತದೆ, ಮತ್ತರ್ಧ ಗಂಟೆಯಲ್ಲಿ ಎರಡೂವರೆಗೆ. ಪ್ರತಿ ಅರ್ಧ ಗಂಟೆಗೂ ಉಳಿದ ಅಂತರದ ಅಷ್ಟೇ ಭಾಗ ಕರಗುತ್ತದೆ. ಗೊಂಪರ್ಟ್ಜ್ ಹೇಳೋದು ಇಷ್ಟೇ: ಗಡ್ಡೆಯ ಗಾತ್ರದ ಲಾಗ್ ಮಜ್ಜಿಗೆ, ln K ಕೋಣೆಯ ಬಿಸಿ.

ಇದನ್ನು ಹೇಳಿದಾಗ ಅವಳು ಪೆನ್ನು ಕೆಳಗಿಟ್ಟು, "ಅಂದ್ರೆ ಗಡ್ಡೆಯನ್ನಲ್ಲ, ಲಾಗನ್ನು ನೋಡ್ಬೇಕು" ಅಂದಳು. ಹೌದು, ಅಷ್ಟೇ ವಿಷಯ. ಇದು ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ.

ಅಂತರವನ್ನು D ಅನ್ನೋಣ, D = ln K − y. ಆಗ dD/dt = −r D. ಇದರ ಉತ್ತರ D = D₀ e^(−rt). ಇಲ್ಲಿ D₀ ಅಂದರೆ ಶುರುವಿನ ಅಂತರ, ln(K/V₀). ಹಿಂದಕ್ಕೆ V ಗೆ ಬಂದರೆ:

V = K exp( −ln(K/V₀) e^(−rt) )

ಪುಸ್ತಕದಲ್ಲಿ ಇ ಮೇಲೆ ಇ ಹತ್ತಿ ಕೂತಿರುವ ಆ ಸೂತ್ರ ಇದೇ. ಬಾಯಿಪಾಠ ಮಾಡಬೇಡಿ. ಅಂತರ ಕರಗುತ್ತದೆ ಅನ್ನೋದು ನೆನಪಿದ್ದರೆ ಅರ್ಧ ನಿಮಿಷದಲ್ಲಿ ಮತ್ತೆ ಬರೆಯಬಹುದು.

ಕೆಲವು ಪುಸ್ತಕಗಳಲ್ಲಿ ಇದೇ ಮಾದರಿಯನ್ನು dV/dt = a e^(−bt) V ಅಂತ ಬರೆದಿರುತ್ತಾರೆ, K ಕಾಣಿಸೋದೇ ಇಲ್ಲ. ಬೇರೆ ಮಾದರಿ ಅಂತ ಗಾಬರಿ ಬೇಡ. b ಅಂದರೆ ನಮ್ಮ r, a ಅಂದರೆ ಶುರುವಿನ ದಿನದ r ln(K/V₀). ಎರಡೂ ಒಂದೇ ಗೆರೆ.

ಮೂರು ಅಳತೆಯಿಂದ r ಮತ್ತು K ತೆಗೆಯೋದು

ಈಗ ಹಾಳೆಯ ಅಂಕಿಗಳಿಗೆ ಬರೋಣ. ಅಳತೆಗಳ ನಡುವೆ ಒಂದೇ ಅವಧಿ ಇರಬೇಕು, ನಮ್ಮಲ್ಲಿ 10 ದಿನ, 10 ದಿನ. ಮೊದಲು ಮೂರರದ್ದೂ ನ್ಯಾಚುರಲ್ ಲಾಗ್ ತೆಗೆಯಿರಿ. ಕ್ಯಾಲ್ಕುಲೇಟರ್‌ನಲ್ಲಿ ln ಗುಂಡಿ, log ಅಲ್ಲ.

20 ರ ಲಾಗ್ 2.996. 370 ರದ್ದು 5.914. 1070 ರದ್ದು 6.975.

ಮೊದಲ ಹತ್ತು ದಿನದಲ್ಲಿ ಲಾಗ್ ಏರಿದ್ದು 2.918. ಮುಂದಿನ ಹತ್ತು ದಿನದಲ್ಲಿ 1.061. ಮಜ್ಜಿಗೆಯನ್ನು ನೆನಪಿಸಿಕೊಳ್ಳಿ: ಪ್ರತಿ ಅವಧಿಯ ಏರಿಕೆ ಹಿಂದಿನದರ ಅಷ್ಟೇ ಭಾಗ ಆಗಿರಬೇಕು. ಆ ಭಾಗವನ್ನು q ಅನ್ನೋಣ. 1.061 ನ್ನು 2.918 ರಿಂದ ಭಾಗಿಸಿದರೆ q = 0.3636.

q ಅನ್ನೋದು e^(−10r) ಅಲ್ವಾ? ಹಾಗಾಗಿ r = −ln(0.3636)/10, ಅಂದರೆ ದಿನಕ್ಕೆ 0.101.

K ಗೆ ಹತ್ತನೇ ದಿನ ನಿಂತು ಯೋಚಿಸಿ. ಆ ದಿನ ಮಿತಿಗೆ ಉಳಿದ ಅಂತರ D. ಮುಂದಿನ ಹತ್ತು ದಿನದಲ್ಲಿ ಅದು qD ಆಯಿತು, ಅಂದರೆ ಸವೆದದ್ದು (1 − q) D. ಸವೆದದ್ದು ಎಷ್ಟು ಅಂತ ನಮಗೆ ಗೊತ್ತು, 1.061. ಹಾಗಾಗಿ D = 1.061/0.6364 = 1.667. ಅದನ್ನು 5.914 ಕ್ಕೆ ಕೂಡಿಸಿ, ln K = 7.581. ಈಗ ಇ ಗೆ ಏರಿಸಿದರೆ, ಅಂದರೆ e^7.581 ತೆಗೆದರೆ, K ಸುಮಾರು 1961 ಘನ ಮಿಲಿಮೀಟರ್.

ಲಾಜಿಸ್ಟಿಕ್ ಕೊಟ್ಟ ಉತ್ತರ 1155. ಅವೇ ಮೂರು ಅಂಕಿ!

ಕಂಪ್ಯೂಟರ್ ಬೇಕು ಅನ್ನುವವರಿಗೆ ಇಷ್ಟು ಸಾಕು. ಪೈಥಾನ್‌ನಲ್ಲಿ `log` ಅಂದರೆ ನ್ಯಾಚುರಲ್ ಲಾಗೇ. ನಾವು ಲಾಗ್‌ಗಳನ್ನು ಮೂರು ದಶಾಂಶಕ್ಕೆ ನಿಲ್ಲಿಸಿದ್ದೆವು, ಕಂಪ್ಯೂಟರ್ ನಿಲ್ಲಿಸೋದಿಲ್ಲ, ಹಾಗಾಗಿ ಇಲ್ಲಿ K 1961 ರ ಬದಲು ಸುಮಾರು 1965 ಅಂತ ಬರುತ್ತದೆ.

```python
from math import log, exp
V1, V2, V3, h = 20, 370, 1070, 10
a, b, c = log(V1), log(V2), log(V3)
q = (c - b) / (b - a)
r = -log(q) / h
K = exp(b + (c - b) / (1 - q))
print(r, K)
```

ಇಲ್ಲಿ ಒಂದು ಕಡೆ ಎಚ್ಚರ ಇರಲಿ. q ಯಾವಾಗಲೂ ಸೊನ್ನೆ ಮತ್ತು ಒಂದರ ನಡುವೆ ಬರಬೇಕು. ಒಂದು ಬಂದರೆ ಗಡ್ಡೆ ಇನ್ನೂ ನಿಧಾನವಾಗಲು ಶುರುವೇ ಮಾಡಿಲ್ಲ ಅಂತ ಅರ್ಥ, ಸೂತ್ರ ಸೊನ್ನೆಯಿಂದ ಭಾಗಿಸಲು ಹೋಗಿ ನಿಲ್ಲುತ್ತದೆ. ಒಂದಕ್ಕಿಂತ ಜಾಸ್ತಿ ಬಂದರೆ ಇನ್ನೂ ಅಪಾಯ, ಯಾಕಂದರೆ ಸೂತ್ರ ನಿಲ್ಲೋದಿಲ್ಲ, ಯಾವುದೋ ಒಂದು K ಕೊಟ್ಟೇ ಬಿಡುತ್ತದೆ, r ಮಾತ್ರ ಋಣ ಚಿಹ್ನೆಯಲ್ಲಿ ಬರುತ್ತದೆ. ಆ K ಗೆ ಅರ್ಥವಿಲ್ಲ. ಮೊದಲು q ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಇನ್ನೊಂದು ತಪ್ಪು log ಗುಂಡಿಯದ್ದು. ಹತ್ತರ ಲಾಗ್ ತೆಗೆದರೂ ಎರಡು ಏರಿಕೆಗಳ ಅನುಪಾತ ಬದಲಾಗೋದಿಲ್ಲ, q ಸರಿಯಾಗಿಯೇ ಬರುತ್ತದೆ. ಹಾಗಾಗಿ ತಪ್ಪು ನಡುದಾರಿಯಲ್ಲಿ ಕಾಣೋದಿಲ್ಲ. ಕೊನೆಗೆ ಇ ಗೆ ಏರಿಸಿದಾಗ K ಸುಮಾರು 27 ಅಂತ ಬರುತ್ತದೆ. ಅಳೆದ ಗಾತ್ರಕ್ಕಿಂತ ಮಿತಿ ಕಡಿಮೆ ಬಂದರೆ ಮೊದಲು ಆ ಗುಂಡಿಯನ್ನೇ ಅನುಮಾನಿಸಿ.

ಲಾಜಿಸ್ಟಿಕ್‌ಗೂ ಇದೇ ಉಪಾಯ, ಲಾಗ್ ಬದಲು ತಲೆಕೆಳಗು

ನ್ಯಾಯವಾಗಿ ಹೋಲಿಸಬೇಕಾದರೆ ಲಾಜಿಸ್ಟಿಕ್‌ಗೂ ಅದೇ ಅವಕಾಶ ಕೊಡಬೇಕು. ಅಲ್ಲಿ w = 1/V ಅಂತ ತಗೊಳ್ಳಿ. ಅವಕಲನ ಮಾಡಿದರೆ dw/dt = r (1/K − w) ಬರುತ್ತದೆ. ಮತ್ತೆ ಮಜ್ಜಿಗೆ! ಈ ಸಲ ಕೋಣೆಯ ಬಿಸಿಗೆ ಹೋಗಿ ಸೇರುವುದು 1/V, ಅಷ್ಟೇ ವ್ಯತ್ಯಾಸ. ಎರಡು ಮಾದರಿಗಳ ಹೋಲಿಕೆ ನನಗೆ ಇಲ್ಲಿ ತುಂಬಾ ಇಷ್ಟ. ಒಳಗೆ ಒಂದೇ ಸಮೀಕರಣ, ಒಂದು ಲಾಗ್ ಕನ್ನಡಕ ಹಾಕಿಕೊಂಡಿದೆ, ಇನ್ನೊಂದು ತಲೆಕೆಳಗು ಮಾಡುವ ಕನ್ನಡಕ.

1/20 = 0.05, 1/370 = 0.0027027, 1/1070 = 0.00093458. ಎರಡು ಇಳಿಕೆಗಳ ಅನುಪಾತ q = 0.0374. ಅದರಿಂದ r = 0.329. ಮೊದಲಿನ ಹಾಗೇ ಉಳಿದ ಅಂತರ ಲೆಕ್ಕ ಹಾಕಿದರೆ 1/K = 0.000866, ಅಂದರೆ K = 1155. ಅವಳ ಉತ್ತರ ಸರಿಯಾಗಿಯೇ ಇತ್ತು, ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಎರಡರ r ಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸಬೇಡಿ. 0.329 ಮತ್ತು 0.101 ನೋಡಿ ಲಾಜಿಸ್ಟಿಕ್ ಮೂರು ಪಟ್ಟು ಜೋರು ಅಂದುಕೊಂಡರೆ ತಪ್ಪಾಗುತ್ತದೆ. ಸೊನ್ನೆ ದಿನ ಗೊಂಪರ್ಟ್ಜ್ ಗಡ್ಡೆಯ ನಿಜವಾದ ದಿನದ ದರ r ln(K/V₀), ಅಂದರೆ 0.101 ಗುಣಿಸು 4.585, ಸುಮಾರು 0.46. ಶುರುವಿನಲ್ಲಿ ಗೊಂಪರ್ಟ್ಜೇ ಜೋರು. ಅಕ್ಷರ ಒಂದೇ ಆದರೂ ಕೆಲಸ ಬೇರೆ.

ಹಾಗಾದರೆ ಯಾರು ಸರಿ?

ಮೂರು ಅಜ್ಞಾತಗಳಿರುವ ಗೆರೆಯನ್ನು ಮೂರು ಚುಕ್ಕೆಗೆ ಕೂರಿಸಿದರೆ ಅದು ಕೂರಲೇಬೇಕು. V₀, r, K, ಮೂರು ಸಂಖ್ಯೆ ನಮ್ಮ ಕೈಯಲ್ಲಿವೆ, ಮೂರು ಚುಕ್ಕೆ ಇವೆ. ಹಾಗಾಗಿ ಗೆರೆ ಚುಕ್ಕೆಗಳ ಮೇಲೆ ಹಾದು ಹೋಗಿದೆ ಅನ್ನೋದು ಮಾದರಿ ಸರಿ ಅನ್ನೋದಕ್ಕೆ ಸಾಕ್ಷಿಯೇ ಅಲ್ಲ. ಅವಳ ಹಾಳೆಯ ಮೇಲಿನ ಕೆಂಪು ಗೀಟು ಇದಕ್ಕೇ.

ಗೆರೆ ಹೊಸ ಚುಕ್ಕೆಯನ್ನು ಹೇಳಬಲ್ಲದಾ ಅಂತ ನೋಡಬೇಕು. ಎರಡೂ ಗೆರೆಗಳಿಂದ ನಡುವಿನ ಮತ್ತು ಮುಂದಿನ ದಿನಗಳ ಗಾತ್ರ ತೆಗೆದೆವು:

| ದಿನ | ಗೊಂಪರ್ಟ್ಜ್ | ಲಾಜಿಸ್ಟಿಕ್ |
|---|---|---|
| 5 | 123 | 96 |
| 15 | 717 | 819 |
| 25 | 1360 | 1137 |
| 30 | 1573 | 1151 |

ನೋಡಿ, ಐದನೇ ದಿನ ಗೊಂಪರ್ಟ್ಜ್ ಮುಂದಿದೆ, ಹದಿನೈದರಂದು ಲಾಜಿಸ್ಟಿಕ್ ಮುಂದಿದೆ, ಇಪ್ಪತ್ತು ದಾಟಿದ ಮೇಲೆ ಲಾಜಿಸ್ಟಿಕ್ ಬಹುತೇಕ ನಿಂತೇಬಿಟ್ಟಿದೆ, ಗೊಂಪರ್ಟ್ಜ್ ಇನ್ನೂ ನಡೆಯುತ್ತಲೇ ಇದೆ. ಲಾಜಿಸ್ಟಿಕ್ ಗೆರೆ ಅತಿ ಜೋರಾಗಿ ಓಡೋದು ಮಿತಿಯ ಅರ್ಧದಲ್ಲಿ, ಇಲ್ಲಿ 577 ರಲ್ಲಿ, ಆಗ ದಿನಕ್ಕೆ ಸುಮಾರು 95 ಘನ ಮಿಲಿಮೀಟರ್. ಅರ್ಧದ ಈ ಕಡೆ, ಆ ಕಡೆ ಅದು ಒಂದೇ ಆಕಾರ. ಗೊಂಪರ್ಟ್ಜ್ ಅತಿ ಜೋರಾಗಿ ಓಡೋದು K/e ನಲ್ಲಿ, ಅಂದರೆ ಮಿತಿಯ ಶೇಕಡ 37 ರಷ್ಟಿರುವಾಗ. ನಮ್ಮ ಲೆಕ್ಕದಲ್ಲಿ ಅದು 721, ಹದಿನೈದನೇ ದಿನ, ದಿನಕ್ಕೆ ಸುಮಾರು 73. ಮುಂಚೆಯೇ ತಿರುಗುತ್ತದೆ, ಆಮೇಲೆ ಉದ್ದಕ್ಕೆ ಎಳೆಯುತ್ತದೆ. ಅನೇಕ ಪ್ರಾಣಿ ಗಡ್ಡೆಗಳ ಅಳತೆಗೆ ಗೊಂಪರ್ಟ್ಜ್ ಚೆನ್ನಾಗಿ ಹೊಂದಲು ಈ ಬಾಲವೇ ಕಾರಣ.

"ಐದು, ಹದಿನೈದನೇ ದಿನದ ಅಳತೆ ನಿನ್ನ ಹತ್ರ ಇಲ್ವಾ?" ಅಂದೆ. ಹಾಳೆ ತಿರುಗಿಸಿದಳು. ಇತ್ತು. ಐದನೇ ದಿನ 120, ಹದಿನೈದನೇ ದಿನ 720. ಲೆಕ್ಕ ಸುಲಭವಾಗಲಿ ಅಂತ ಅವನ್ನು ಬಿಟ್ಟಿದ್ದಳಂತೆ.

ಕಣ್ಣಳತೆಗೇ ಗೊಂಪರ್ಟ್ಜ್ ಗೆದ್ದಿದೆ. ಆದರೂ ಸರಿಯಾದ ಪರೀಕ್ಷೆ ಕಲಿಸಬೇಕು ಅನ್ನಿಸಿತು, ಯಾಕಂದರೆ ಬಾಗಿದ ಎರಡು ಗೆರೆಗಳಲ್ಲಿ ಯಾವುದು ಹೊಂದಿದೆ ಅಂತ ಹೇಳೋದಕ್ಕಿಂತ ನೇರ ಗೆರೆ ನೇರವಾಗಿದೆಯಾ ಅಂತ ಹೇಳೋದು ಕಣ್ಣಿಗೆ ಸುಲಭ. ಗೊಂಪರ್ಟ್ಜ್ ಆದರೆ ಅಂತರ D ಯ ಲಾಗ್, ಅಂದರೆ ln(ln(K/V)), ದಿನಕ್ಕೆ ತಕ್ಕಂತೆ ನೇರವಾಗಿ ಇಳಿಯಬೇಕು. K = 1961 ಇಟ್ಟು ಐದು ಅಳತೆಗೂ ಲೆಕ್ಕ ಹಾಕಿದೆವು. 1.523, 1.027, 0.511, 0.002, −0.501. ಐದೈದು ದಿನಕ್ಕೆ ಇಳಿದದ್ದು 0.50, 0.52, 0.51, 0.50. ಅಡಿಕೋಲು ಇಟ್ಟ ಹಾಗೆ.

ಲಾಜಿಸ್ಟಿಕ್ ಆದರೆ ln(K/V − 1) ನೇರವಾಗಿ ಇಳಿಯಬೇಕು. K = 1155 ಇಟ್ಟರೆ ಬಂದದ್ದು 4.04, 2.15, 0.75, −0.50, −2.53. ಇಳಿಕೆಗಳು 1.88, 1.40, 1.26, 2.03. ಮೊದಲು ಜಾಸ್ತಿ, ನಡುವೆ ಕಡಿಮೆ, ಮತ್ತೆ ಜಾಸ್ತಿ. ಅಳತೆಯ ತಪ್ಪಿನಿಂದ ಅಂಕಿ ಅಲ್ಲಾಡಿದರೆ ಅದು ಅಡ್ಡಾದಿಡ್ಡಿ ಅಲ್ಲಾಡುತ್ತದೆ. ಹೀಗೆ ಒಂದು ಕ್ರಮದಲ್ಲಿ ಬಾಗಿದರೆ ಮಾದರಿಯೇ ಹೊಂದಿಲ್ಲ ಅಂತ ಅನುಮಾನಿಸಬೇಕು.

ಲಾಗ್ ಎರಡು ಸಲ ತೆಗೆಯುವಾಗ ಒಳಗಡೆ K/V ಅಂತಲೇ ಬರೆಯಿರಿ, V/K ಬೇಡ. V/K ಒಂದಕ್ಕಿಂತ ಕಡಿಮೆ, ಅದರ ಲಾಗ್ ಋಣ ಸಂಖ್ಯೆ, ಋಣ ಸಂಖ್ಯೆಗೆ ಮತ್ತೆ ಲಾಗ್ ಇಲ್ಲ, ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಸರಿಯಾಗಿ ಬರೆದಿದ್ದರೂ ಒಂದು ದಿನದ್ದು ಮಾತ್ರ ಎರರ್ ಬಂದರೆ, ಆ ದಿನದ ಅಳತೆ ನೀವು ಹಿಡಿದ K ಯನ್ನು ದಾಟಿದೆ ಅಂತ ಅರ್ಥ, K ಕಡಿಮೆ ಹಿಡಿದಿದ್ದೀರಿ.

ಅರ್ಧ ಮಿಲಿಮೀಟರಿಗಿಂತ ಕಡಿಮೆ ತಪ್ಪು ಏನು ಮಾಡುತ್ತದೆ

ಇಲ್ಲಿಯವರೆಗೆ ಎಲ್ಲ ಚಂದ. ಈಗ ಹೇಳುವುದನ್ನು ಮಾತ್ರ ದಯವಿಟ್ಟು ನಿಧಾನವಾಗಿ ಓದಿ, ಯಾಕಂದರೆ ಈ ಮಾದರಿ ಬಳಸುವವರು ಜಾಸ್ತಿ ಎಡವೋದು ಇಲ್ಲೇ.

ಇಲಿಯ ಚರ್ಮದ ಕೆಳಗಿನ ಗಡ್ಡೆಯನ್ನು ಸಾಮಾನ್ಯವಾಗಿ ಕ್ಯಾಲಿಪರ್‌ನಿಂದ ಅಳೆಯುತ್ತಾರೆ. ಉದ್ದ L, ಅಗಲ W ತಗೊಂಡು ಗಾತ್ರಕ್ಕೆ ½ L W² ಅಂತ ಹಿಡಿಯುತ್ತಾರೆ. ಮಿಲಿಮೀಟರ್‌ನಲ್ಲಿ ಮೂರು ಸಲ ಗುಣಾಕಾರ ಆಗುವುದರಿಂದ ಸಣ್ಣ ತಪ್ಪು ಮೂರು ಪಟ್ಟಾಗುತ್ತದೆ. ನಮ್ಮ ಇಪ್ಪತ್ತನೇ ದಿನದ 1070 ಗುಂಡಗಿದೆ ಅಂದುಕೊಂಡರೆ ಅಡ್ಡಳತೆ ಸುಮಾರು 12.9 ಮಿಲಿಮೀಟರ್. ಅದನ್ನು 13.3 ಅಂತ ಓದಿದರೆ? 0.4 ಮಿಲಿಮೀಟರ್ ವ್ಯತ್ಯಾಸ, ಚರ್ಮವನ್ನು ಸ್ವಲ್ಪ ಮೆತ್ತಗೆ ಹಿಡಿದರೂ ಅಷ್ಟು ಆಗಬಹುದು. ಗಾತ್ರ ಶೇಕಡ 10 ಹೆಚ್ಚಾಗಿ 1177 ಆಗುತ್ತದೆ.

ಅದನ್ನು ಇಟ್ಟು ಮೊದಲಿನ ಮೂರು ಚುಕ್ಕೆಯ ಲೆಕ್ಕ ಮತ್ತೆ ಮಾಡಿ. q 0.396 ಆಗುತ್ತದೆ, r 0.0925 ಕ್ಕೆ ಇಳಿಯುತ್ತದೆ, K 1961 ರಿಂದ 2517 ಕ್ಕೆ ಜಿಗಿಯುತ್ತದೆ. ಅಳತೆಯಲ್ಲಿ ಶೇಕಡ 10 ತಪ್ಪು, ಮಿತಿಯಲ್ಲಿ ಶೇಕಡ 28.

ಅಳತೆ ನಿಲ್ಲಿಸುವುದು ಇನ್ನೂ ಬೇಗ ಆದರೆ ಏನಾಗುತ್ತದೆ ಅಂತ ಅವಳೇ ಕೇಳಿದಳು. K = 2000, r = 0.1 ಇರುವ ಒಂದು ಗೆರೆಯಿಂದ ಸೊನ್ನೆ, ಐದು, ಹತ್ತನೇ ದಿನದ ಅಂಕಿ ತೆಗೆದೆವು. 20, 122.5, 367.5. ಇವು ಕಲಬೆರಕೆ ಇಲ್ಲದ ಅಂಕಿಗಳು, ಲೆಕ್ಕ ಹಿಂದಕ್ಕೆ ಮಾಡಿದರೆ K ಸರಿಯಾಗಿ ಸಿಗುತ್ತದೆ. ಆದರೆ ಕೊನೆಯ 367.5 ನ್ನು ಶೇಕಡ 10 ಏರಿಸಿದರೆ K ಸುಮಾರು 4050. ಶೇಕಡ 10 ಇಳಿಸಿದರೆ ಸುಮಾರು 1100. ನಿಜ ಎರಡು ಸಾವಿರ, ಉತ್ತರ ಸಾವಿರದ ನೂರರಿಂದ ನಾಲ್ಕು ಸಾವಿರದವರೆಗೆ ಎಲ್ಲಿ ಬೇಕಾದರೂ ಇರಬಹುದು!

ಕಾರಣ ಮಜ್ಜಿಗೆಯಲ್ಲೇ ಇದೆ. ಕೋಣೆಯ ಬಿಸಿ ಎಷ್ಟು ಅಂತ ಥರ್ಮಾಮೀಟರ್ ಇಟ್ಟು ನೋಡದೆ, ಮಜ್ಜಿಗೆ ಮೊದಲ ಕಾಲು ಗಂಟೆ ಬಿಸಿಯಾದದ್ದನ್ನು ನೋಡಿಯೇ ಹೇಳಬೇಕು ಅಂದರೆ ಆಗುತ್ತಾ? ಅಂತರ ಎಷ್ಟು ಬೇಗ ಕರಗುತ್ತಿದೆ ಅನ್ನೋದರ ಸೂಕ್ಷ್ಮ ಬದಲಾವಣೆಯಿಂದ ಮಿತಿಯನ್ನು ಊಹಿಸುತ್ತಿದ್ದೇವೆ, ಅದರ ಮೇಲೆ ಇ ಗೆ ಏರಿಸಿ ತಪ್ಪನ್ನು ಹಿಗ್ಗಿಸುತ್ತಿದ್ದೇವೆ. ಹಾಗಾಗಿ ನಾನು ಇಟ್ಟುಕೊಂಡಿರುವ ನಿಯಮ ಹೀಗಿದೆ. ಅಳತೆಗಳು ಗೆರೆ ತಿರುಗುವ ಜಾಗವನ್ನು, ಅಂದರೆ K ಯ ಶೇಕಡ 37 ನ್ನು, ಸ್ಪಷ್ಟವಾಗಿ ದಾಟಿರದಿದ್ದರೆ K ಯನ್ನು ಉತ್ತರ ಅಂತ ಬರೆಯಬೇಡಿ. ಮುಂದಿನ ಕೆಲವು ದಿನದ ಗಾತ್ರ ಹೇಳೋಕೆ ಆ ಗೆರೆ ಉಪಯೋಗಕ್ಕೆ ಬರುತ್ತದೆ, ಯಾಕಂದರೆ K ಹೆಚ್ಚಾದಾಗ r ಕಡಿಮೆಯಾಗಿ ಒಂದನ್ನೊಂದು ಸರಿದೂಗಿಸುತ್ತವೆ. K ಮಾತ್ರ ಬೇಡ.

ಅಳತೆ ಮೂರಕ್ಕಿಂತ ಜಾಸ್ತಿ ಇದ್ದರೆ ಎಲ್ಲವನ್ನೂ ಸೇರಿಸಿ ಕನಿಷ್ಠ ವರ್ಗ ವಿಧಾನದಲ್ಲಿ ಕೂರಿಸಿ, ಅದೂ V ಮೇಲೆ ಅಲ್ಲದೆ ln V ಮೇಲೆ. ಕ್ಯಾಲಿಪರ್ ತಪ್ಪು ಶೇಕಡ ಲೆಕ್ಕದಲ್ಲಿ ಬರುವುದರಿಂದ ದೊಡ್ಡ ಗಡ್ಡೆಯ ತಪ್ಪು ದೊಡ್ಡದು, V ಮೇಲೆ ಕೂರಿಸಿದರೆ ಕೊನೆಯ ಒಂದೆರಡು ಅಳತೆಗಳೇ ಗೆರೆಯನ್ನು ಎಳೆದುಕೊಂಡು ಹೋಗುತ್ತವೆ. ಮೂರು ಚುಕ್ಕೆಯ ಲೆಕ್ಕ ಶುರುವಿನ ಊಹೆಯಾಗಿ ಕೊಡಲು ಚೆನ್ನಾಗಿ ಆಗುತ್ತದೆ.

ಹಿಂದಕ್ಕೆ ಓಡಿಸಬೇಡಿ

ಇನ್ನೊಂದು ಆಸೆ ಎಲ್ಲರಿಗೂ ಬರುತ್ತದೆ. ಈ ಗಡ್ಡೆ ಒಂದೇ ಜೀವಕಣವಾಗಿ ಶುರುವಾದದ್ದು ಯಾವತ್ತು?

ಒಂದು ಘನ ಮಿಲಿಮೀಟರ್‌ನಲ್ಲಿ ಸುಮಾರು ಹತ್ತು ಲಕ್ಷ ಕಣ ಅಂತ ಹಿಡಿಯೋದು ವಾಡಿಕೆ. ಹಾಗಾದರೆ ಒಂದು ಕಣದ ಗಾತ್ರ 0.000001. ನಮ್ಮ K = 1961 ಇಟ್ಟರೆ ಅಲ್ಲಿ ಅಂತರ ln(K/V) 21.4. ಅದನ್ನು 0.101 ರಿಂದ ಗುಣಿಸಿದರೆ ದಿನದ ದರ 2.16, ಅಂದರೆ ದುಪ್ಪಟ್ಟಾಗಲು ಬೇಕಾದದ್ದು ln 2 ನ್ನು 2.16 ರಿಂದ ಭಾಗಿಸಿದಷ್ಟು, ಸುಮಾರು ಎಂಟು ಗಂಟೆ. ಸಸ್ತನಿಗಳ ದೇಹದ ಕಣ ಒಮ್ಮೆ ವಿಭಜನೆ ಆಗಲು ಸಾಮಾನ್ಯವಾಗಿ ಹೆಚ್ಚು ಕಡಿಮೆ ಒಂದು ದಿನ ಬೇಕು. ಗೆರೆ ಹೇಳುವುದು ನಂಬುವ ಮಾತಲ್ಲ.

ತಪ್ಪು ಎಲ್ಲಿದೆ ಅಂತ ಸಮೀಕರಣದಲ್ಲೇ ಕಾಣುತ್ತದೆ. V ಸಣ್ಣದಾಗುತ್ತಾ ಹೋದರೆ ln(K/V) ಗೆ ಮೇಲಿನ ಮಿತಿ ಇಲ್ಲ, ಏರುತ್ತಲೇ ಹೋಗುತ್ತದೆ. ಲಾಜಿಸ್ಟಿಕ್‌ಗೆ ಈ ತೊಂದರೆ ಇಲ್ಲ, ಅಲ್ಲಿ ದರ r ಗಿಂತ ಮೇಲೆ ಹೋಗೋದೇ ಇಲ್ಲ. ಈ ಒಂದು ವಿಷಯದಲ್ಲಿ ಲಾಜಿಸ್ಟಿಕ್ ಒಳ್ಳೆಯದು ಅಂತ ಒಪ್ಪಿಕೊಳ್ಳಬೇಕು. ಅದಕ್ಕಾಗಿಯೇ ಸಣ್ಣ ಗಾತ್ರದಲ್ಲಿ ದರವನ್ನು ಒಂದು ಮಿತಿಗೆ ಕಟ್ಟಿಹಾಕಿ, ಅಲ್ಲಿಯವರೆಗೆ ಸಾದಾ ಘಾತೀಯ ಬೆಳವಣಿಗೆ, ಆಮೇಲೆ ಗೊಂಪರ್ಟ್ಜ್ ಅಂತ ಜೋಡಿಸುವ ರೂಪವೂ ಬಳಕೆಯಲ್ಲಿದೆ. ನೀವು ಮಾಡುವ ಪರೀಕ್ಷೆ ಸರಳ. ಮೊದಲ ಅಳತೆಯಲ್ಲಿ ದುಪ್ಪಟ್ಟಾಗುವ ಸಮಯ ತೆಗೆಯಿರಿ. ನಮ್ಮಲ್ಲಿ 0.693 ನ್ನು 0.46 ರಿಂದ ಭಾಗಿಸಿದರೆ ಒಂದೂವರೆ ದಿನ, ನಂಬಬಹುದು. ಅದಕ್ಕಿಂತ ಹಿಂದಕ್ಕೆ ಹೋದಾಗ ಆ ಸಮಯ ಒಂದು ದಿನಕ್ಕಿಂತ ಕಡಿಮೆ ಬಂತಾ, ಅಲ್ಲಿಗೆ ಗೆರೆಯನ್ನು ಬಿಟ್ಟುಬಿಡಿ.

ಚಿಕಿತ್ಸೆ ಶುರುವಾದ ಮೇಲಿನ ಅಳತೆಗಳನ್ನು ಇದರಲ್ಲಿ ಬೆರೆಸಬಾರದು. ಈ ಸಮೀಕರಣದಲ್ಲಿ ಔಷಧಿಗೆ ಜಾಗವೇ ಇಲ್ಲ, ಅದಕ್ಕೆ ಬೇರೆ ಪದವನ್ನು ಸೇರಿಸಿ ಬರೆಯಬೇಕು, ಆಗ ಮೂರು ಚುಕ್ಕೆಯ ಉಪಾಯ ನಡೆಯೋದಿಲ್ಲ.

ಸಂಜೆ ಅವಳು ಚಿಕ್ಕಮಗಳೂರಿನ ಬಸ್ಸಿಗೆ ಹೊರಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದಳು. ಅವಳ ಪರಿಚಯದ ಮನೆಯೊಂದರಲ್ಲಿ ಒಬ್ಬರಿಗೆ ಗಡ್ಡೆ, ಆರು ತಿಂಗಳ ಅಂತರದ ಎರಡು ಸ್ಕ್ಯಾನ್ ವರದಿ ಇದೆ, ಈ ಲೆಕ್ಕ ಹಾಕಿ ನೋಡಬಹುದಾ ಅಂತ. ಬೇಡ ಅಂದೆ. ಎರಡು ಅಳತೆಯಿಂದ ಮೂರು ಸಂಖ್ಯೆ ಸಿಗೋದಿಲ್ಲ, ಅಲ್ಲಿ K ಯನ್ನು ನಾವೇ ಊಹಿಸಿ ಇಡಬೇಕಾಗುತ್ತದೆ, ಶೇಕಡ 10 ತಪ್ಪಿಗೆ K ಎಷ್ಟು ಓಲಾಡುತ್ತದೆ ಅಂತ ಈಗಷ್ಟೇ ನೋಡಿದೆವು. ಅದರ ಮೇಲೆ ಅವರು ಚಿಕಿತ್ಸೆಯಲ್ಲಿದ್ದಾರೆ. ಆ ವರದಿಯ ಪ್ರಶ್ನೆ ಅವರ ಡಾಕ್ಟರ್ ಹತ್ತಿರ ಹೋಗಲಿ. ಅವಳು ತಲೆಯಾಡಿಸಿ, ಹಾಳೆಯ ಮೇಲೆ 1155 ನ್ನು ಹೊಡೆದು, ಪಕ್ಕದಲ್ಲಿ 1961 ಬರೆದು, ಅದರ ಕೆಳಗೆ "ಕೊನೆಯ ಅಳತೆ ಶೇ. 10 ಹೆಚ್ಚಾದರೆ 2517" ಅಂತ ಸೇರಿಸಿ ಬ್ಯಾಗಿಗೆ ಹಾಕಿಕೊಂಡಳು.